ಮೈಗಳ್ಳಿ ಎಂದವರಿಗೆ

ನನ್ನ ಬೆನ್ನಿನ ಬಲಗಡೆ, ಕೊನೆಯ ಪಕ್ಕೆಲುಬಿನ ಹತ್ತಿರ, ಒಂದು ಗೇಣುದ್ದದ ಹೊಲಿಗೆಯ ಗುರುತಿದೆ. ಅದು ಬಲಗಡೆಯೇ ಇರಬೇಕಿತ್ತು. ಎಡಗಡೆ ಇದ್ದಿದ್ದರೆ ನನ್ನ ಓರಗಿತ್ತಿ ಗೆದ್ದುಬಿಡುತ್ತಿದ್ದಳು. ಅವಳು ಗೆಲ್ಲಬಾರದು ಎಂದೇ ನಾನು ಎರಡು ಸಲ ತೊಡೆಸಂದಿಗೆ ಸೂಜಿ ಚುಚ್ಚಿಸಿಕೊಂಡೆ. ಬದುಕುವ ಆಸೆ ಇರಲಿಲ್ಲ ಎನ್ನುವುದಿಲ್ಲ, ಇತ್ತು. ಆದರೆ ಅದಕ್ಕಿಂತ ಹೆಚ್ಚಿಗೆ ಇದ್ದದ್ದು ಹಗೆ. ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

ನನ್ನನ್ನು ಕೊಟ್ಟಿದ್ದು ಹಳೇಬೀಡಿನಿಂದ ಬೇಲೂರಿಗೆ ಹೋಗುವ ದಾರಿಯ ಒಂದು ಹಳ್ಳಿಗೆ. ತವರು ಅರಸೀಕೆರೆ ಕಡೆ, ತೆಂಗಿನ ತೋಟದವರು. ಗಂಡನ ಮನೆಯಲ್ಲಿ ಭಾವ, ಅಂದರೆ ನಮ್ಮ ಯಜಮಾನರ ಅಣ್ಣ, ಅವರ ಹೆಂಡತಿ ಅಂದರೆ ನನ್ನ ಓರಗಿತ್ತಿ, ಆಮೇಲೆ ನಾವಿಬ್ಬರು. ಅತ್ತೆ ಮಾವ ತೀರಿಕೊಂಡಿದ್ದರು. ಹಾಗಾಗಿ ಓರಗಿತ್ತಿಯೇ ಅತ್ತೆ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಏನೇ, ಇವಳೇ, ಆಮೇಲೆ ಆಮೇಲೆ ಮೈಗಳ್ಳಿ.

ಹಿತ್ತಲಲ್ಲಿ ಬಾವಿ. ಬಚ್ಚಲ ಹಂಡೆ, ಅಡಿಗೆಮನೆಯ ತೊಟ್ಟಿ, ದನದ ಬಾನಿ, ಮೂರನ್ನೂ ತುಂಬಿಸುವುದು ನನ್ನ ಪಾಲಿನ ಕೆಲಸ. ಮದುವೆಯಾದ ಹೊಸದರಲ್ಲಿ ಒಂದೇ ಉಸಿರಿಗೆ ತುಂಬಿಸುತ್ತಿದ್ದೆ. ಮೂವತ್ತು ದಾಟಿದ ಮೇಲೆ ಏನೋ ಆಯಿತು. ಹಗ್ಗ ಹಿಡಿದರೆ ಬೆರಳು ಬಿಗಿಯಾಗುತ್ತಿರಲಿಲ್ಲ, ಬಿಂದಿಗೆ ಅರ್ಧಕ್ಕೆ ಬಂದು ಮತ್ತೆ ಬಾವಿಗೆ ಬೀಳುತ್ತಿತ್ತು. ತೊಡೆ ನೆನೆದ ಗೋಣಿಚೀಲದ ಹಾಗೆ. ಎಷ್ಟು ಕುಡಿದರೂ ಬಾಯಾರಿಕೆ, ಗಂಟೆಗೊಂದು ಸಲ ಹಿತ್ತಲಿಗೆ ಹೋಗಬೇಕು. ನೆತ್ತಿ ಸಿಡಿಯುತ್ತಿತ್ತು.

"ಸೇದಕ್ಕೆ ಆಗಕ್ಕಿಲ್ಲ, ಕುಡಿಯಕ್ಕೆ ಮಾತ್ರ ಒಂದು ಕೊಡ ಬೇಕು," ಎಂದು ಓರಗಿತ್ತಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಜನ ನಗುತ್ತಿದ್ದರು. ಮಾತು ಚೆನ್ನಾಗಿತ್ತು, ನಗದೆ ಏನು ಮಾಡುತ್ತಾರೆ.

ನನಗೆ ಮುಳುವಾಗಿದ್ದು ತವರು. ಹಬ್ಬಕ್ಕೋ ಮತ್ತೊಂದಕ್ಕೋ ಹೋಗಿ ಎಂಟು ದಿನ ಇದ್ದರೆ ಮೈ ಸರಿಹೋಗುತ್ತಿತ್ತು. ಕಾಲಲ್ಲಿ ಕಸುವು ಬರುತ್ತಿತ್ತು. ಒಂದು ಸಲ ಅತ್ತಿಗೆಯ ಜೊತೆ ಮಾಲೇಕಲ್ಲಿಗೆ ಹೋಗಿ ಬೆಟ್ಟ ಹತ್ತಿ ಇಳಿದು ಬಂದೆ. ಯಾರೋ ನೋಡಿದವರು ಸಂತೆಯಲ್ಲಿ ಹೇಳಿದರು, ಸಂತೆಯಿಂದ ಸುದ್ದಿ ನಮ್ಮ ಊರಿಗೆ ಬಂತು. ನಾನು ಬಸ್ಸಿಳಿದು ಮನೆಗೆ ಬರುವ ಹೊತ್ತಿಗೆ ಓರಗಿತ್ತಿ ಜಗಲಿಯ ಮೇಲೆ ಕಾಯುತ್ತಿದ್ದಳು.

"ಬಾರಮ್ಮಿ ಬಾ. ಮಾಲೇಕಲ್ಲು ಹತ್ತೋ ಕಾಲು ನಮ್ಮ ಬಾವಿ ತಾವ ಬಂದ್ರೆ ಯಾಕಮ್ಮಿ ಸೋಲ್ತವೆ? ನಮ್ಮ ಬಾವಿ ಏನು ಆ ಬೆಟ್ಟಕ್ಕಿಂತ ಎತ್ತರ ಐತಾ?"

ನನಗೇ ಅನುಮಾನ ಬಂತು, ನಾನು ನಿಜವಾಗಿ ಮೈಗಳ್ಳಿಯೇ ಇರಬೇಕು ಎಂದು. ಅದಕ್ಕೆ ಅವಳನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಬೈದದ್ದಕ್ಕಲ್ಲ, ನನ್ನ ಮೈಯನ್ನೇ ನಾನು ನಂಬದ ಹಾಗೆ ಮಾಡಿದ್ದಕ್ಕೆ.

ಒಮ್ಮೆ ತಲೆನೋವು ತಡೆಯಲಾರದೆ ಡಾಕ್ಟರ ಹತ್ತಿರ ಹೋದೆ. ಬಿಪಿ ಬಹಳ ಇದೆ ಎಂದು ಮೈಯ ನೀರು ಇಳಿಸುವ ಮಾತ್ರೆ ಬರೆದುಕೊಟ್ಟರು. ಮಾತ್ರೆ ಶುರು ಮಾಡಿ ಎರಡು ವಾರ ಆಗಿರಬಹುದು, ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಕುಸಿದೆ. ಎಚ್ಚರ ಪೂರ್ತಿ ಇತ್ತು. ಕಾಲು ಎತ್ತೋಣ ಎಂದರೆ ಕಾಲು ನನ್ನದಲ್ಲ. ಕುತ್ತಿಗೆ ಎತ್ತಲೂ ಆಗಲಿಲ್ಲ. ಓರಗಿತ್ತಿ ಬಂದು ಮೇಲಿಂದ ನೋಡಿದಳು. ನಾನು, "ಅಕ್ಕ, ಕಾಲು ಬತ್ತಿಲ್ಲ," ಎಂದೆ. ಅವಳು ಖಾಲಿ ಕೊಡವನ್ನು ತಂದು ನನ್ನ ತಲೆಯ ಪಕ್ಕ ಇಟ್ಟಳು.

"ಎದ್ದಾಗ ತುಂಬ್ಸು," ಎಂದು ಹೇಳಿ ಒಳಗೆ ಹೋದಳು.

ಬಿಸಿಲು ಗೋಡೆಯಿಂದ ಇಳಿದು ನನ್ನ ಮುಖದ ಮೇಲೆ ಬರುವ ತನಕ ಆ ಕೊಡವನ್ನೇ ನೋಡುತ್ತಾ ಬಿದ್ದಿದ್ದೆ. ಅದರ ಕಂಠದಲ್ಲಿ ಒಂದು ನೆಗ್ಗು ಇತ್ತು. ನಮ್ಮ ಯಜಮಾನರು ಹೊಲದಿಂದ ಊಟಕ್ಕೆ ಬಂದವರು ನೋಡಿ, ಗಾಡಿ ಕಟ್ಟಿಸಿ, ಆಮೇಲೆ ಬಸ್ಸಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದರು. ಅಲ್ಲಿ ಎದೆಗೆ ತಂತಿ ಹಚ್ಚಿ ಕಾಗದ ತೆಗೆದರು, ರಕ್ತ ನೋಡಿದರು, ಗಾಬರಿಯಾಗಿ ಡ್ರಿಪ್ ಹಾಕಿದರು. ರಕ್ತದಲ್ಲಿ ಪೊಟ್ಯಾಶಿಯಂ ಎನ್ನುವ ಉಪ್ಪು ತಳ ಮುಟ್ಟಿದೆ, ಅದಿಲ್ಲದಿದ್ದರೆ ಸ್ನಾಯು ಕೆಲಸ ಮಾಡುವುದಿಲ್ಲ, ಇನ್ನೂ ಇಳಿದಿದ್ದರೆ ಹೃದಯವೂ ನಿಲ್ಲುತ್ತಿತ್ತು ಎಂದರು. ಮಾರನೆಯ ದಿನ ಕಾಲು ಅಲ್ಲಾಡಿತು. ನೀರು ಇಳಿಸುವ ಮಾತ್ರೆ ನಿಲ್ಲಿಸಿ, ಬೇರೆ ಮಾತ್ರೆ ಕೊಟ್ಟು, ಬಿಪಿ ಇಷ್ಟಿದ್ದು ಪೊಟ್ಯಾಶಿಯಂ ಇಷ್ಟು ಇಳಿದರೆ ಹಿಂದೆ ಬೇರೇನೋ ಇದೆ, ಬೆಂಗಳೂರಿಗೆ ಹೋಗಿ ಎಂದು ಕಾಗದ ಬರೆದರು.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ನನ್ನನ್ನು ಕರೆದುಕೊಂಡು ಹೋದದ್ದು ನನ್ನ ಅಣ್ಣ. ಅರಸೀಕೆರೆಯಲ್ಲಿ ರೈಲು ಹತ್ತಿಸಿದ. ಆಸ್ಪತ್ರೆಯಲ್ಲಿ ನನ್ನನ್ನು ನೋಡಿದವರು ಒಬ್ಬ ಡಾಕ್ಟರಮ್ಮ, ನನಗಿಂತ ಚಿಕ್ಕವರು, ಗ್ರಂಥಿಗಳ ಡಾಕ್ಟರಂತೆ. ಎಲ್ಲ ಕೇಳಿದರು. ಊಟ, ನಿದ್ದೆ, ಬಹಿರ್ದೆಸೆ, ಒಂದೂ ಬಿಡಲಿಲ್ಲ. ನಾನು ತವರಿನ ವಿಷಯ ಹೇಳಲಿಲ್ಲ. ಹೇಳಿದರೆ ಇವರೂ ಮೈಗಳ್ಳಿ ಎನ್ನುತ್ತಾರೆ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಅಣ್ಣ ಹೇಳಿಬಿಟ್ಟ.

"ನಮ್ಮನೇಲಿದ್ರೆ ಚೆನ್ನಾಗೇ ಇರ್ತಾಳೆ ಡಾಕ್ಟ್ರಮ್ಮ. ಅಲ್ಲಿಗೆ ಹೋದ್ರೆ ಬಿದ್ಕೋತಾಳೆ."

ನಾನು ಅವನನ್ನು ದುರುಗುಟ್ಟಿ ನೋಡಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ನಿಮ್ಮನೇಲಿ ಏನು ಕೊಡ್ತೀರಿ ಇವರಿಗೆ?"

"ಏನು ಕೊಡ್ತೀವಿ, ಎಲ್ಲಾರ ಹಂಗೇ. ಮುದ್ದೆ, ಅನ್ನ, ಸಾರು. ತೋಟದಾಗೆ ಎಳನೀರು ಐತೆ. ಬೆಳಿಗ್ಗೆ ಎರಡು ಕೆತ್ತಿ ಕೊಡ್ತೀನಿ, ಸಾಯಂಕಾಲ ಎರಡು. ಮಧ್ಯಾಹ್ನ ಕೇಳಿದ್ರೆ ಇನ್ನೊಂದು."

"ಗಂಡನ ಮನೇಲಿ?"

"ಅಲ್ಲಿ ಎಲ್ಲಿ ಬತ್ತದೆ? ಅವರದ್ದು ರಾಗಿ ಆಲೂಗೆಡ್ಡೆ ಹೊಲ."

ಡಾಕ್ಟರಮ್ಮ ನಕ್ಕುಬಿಟ್ಟರು. ಎಳನೀರಿನ ತುಂಬ ಇರುವುದೇ ಪೊಟ್ಯಾಶಿಯಂ ಎಂದರು. ನನ್ನ ಮೈ ಅದನ್ನು ಮೂತ್ರದಲ್ಲಿ ಚೆಲ್ಲುತ್ತಿದೆ, ಅಣ್ಣ ದಿನಾ ಅದನ್ನೇ ಕೆತ್ತಿ ತುಂಬಿಸುತ್ತಿದ್ದಾನೆ. ತೂತಿನ ಕೊಡಕ್ಕೆ ನೀರು ಹುಯ್ದ ಹಾಗೆ, ಆದರೂ ಹುಯ್ಯುತ್ತಿರುವ ತನಕ ಕೊಡದಲ್ಲಿ ನೀರು ಇರುತ್ತದಲ್ಲ. ನಾನು ಅಳುವವಳಲ್ಲ, ಅವತ್ತೂ ಅಳಲಿಲ್ಲ. ಆದರೆ ಮಾಲೇಕಲ್ಲಿಗೆ ಉತ್ತರ ಸಿಕ್ಕಿತು. ಓರಗಿತ್ತಿಯ ಮುಖ ಕಣ್ಣ ಮುಂದೆ ಬಂತು. ತಾಳು, ಬತ್ತೀನಿ, ಎಂದುಕೊಂಡೆ.

ಆಮೇಲೆ ಅವರು ಬಿಡಿಸಿ ಹೇಳಿದ್ದು ಇಷ್ಟು. ಎರಡು ಮೂತ್ರಪಿಂಡಗಳ ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಗ್ರಂಥಿ ಇದೆ, ಅಡ್ರಿನಲ್ ಎನ್ನುತ್ತಾರೆ. ಅದರಲ್ಲಿ ಆಲ್ಡೊಸ್ಟಿರೋನ್ ಎಂಬ ರಸ ಹುಟ್ಟುತ್ತದೆ. ಊಟದ ಉಪ್ಪನ್ನು ಮೈಯಲ್ಲಿ ಹಿಡಿದಿಡುವುದು, ಪೊಟ್ಯಾಶಿಯಂ ಹೊರಗೆ ಹಾಕುವುದು ಅದರ ಕೆಲಸ. ನನ್ನಲ್ಲಿ ಅದು ಮಿತಿ ಮೀರಿದೆ. ಅದಕ್ಕೇ ಬಿಪಿ ಏರುವುದು, ಕಾಲು ಬೀಳುವುದು. ರಕ್ತದ ಪರೀಕ್ಷೆಯಿಂದ ಅಷ್ಟು ಖಾತ್ರಿಯಾಯಿತು.

"ಒಂದೇ ಗ್ರಂಥಿ ಹೆಚ್ಚು ಸುರಿಸುತ್ತಿದ್ದರೆ ಅದನ್ನು ಕೊಯ್ದು ತೆಗೆಯಬಹುದು. ಎರಡೂ ಸುರಿಸುತ್ತಿದ್ದರೆ ಕೊಯ್ಯುವ ಹಾಗಿಲ್ಲ, ಜೀವನ ಪೂರ್ತಿ ಮಾತ್ರೆ," ಎಂದರು ಡಾಕ್ಟರಮ್ಮ.

ನಾನು ಕೊಯ್ಯಿರಿ ಎಂದೆ. ಮಾತ್ರೆ ನುಂಗಿಕೊಂಡು ಮನೆಗೆ ಹೋದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರೆ ನುಂಗುವುದನ್ನು ಕಾಯಿಲೆ ಎನ್ನುವುದಿಲ್ಲ, ನೆಪ ಎನ್ನುತ್ತಾರೆ. ಕೊಯ್ದ ಗಾಯ ಇದ್ದರೆ ಬಾಯಿ ಮುಚ್ಚುತ್ತಾರೆ.

ದೊಡ್ಡ ಬಳೆಯಂಥ ಯಂತ್ರದೊಳಗೆ ಮಲಗಿಸಿ ಹೊಟ್ಟೆಯ ಫೋಟೋ ತೆಗೆದರು. ಆಗ ಆ ಯಂತ್ರ ಹೊಸದು. ಎಡಗಡೆಯ ಗ್ರಂಥಿಯಲ್ಲಿ ಒಂದು ಗಂಟು ಕಾಣಿಸಿತು. ಬಲಗಡೆ ಏನೂ ಇಲ್ಲ. ಕೊಯ್ಯುವ ಡಾಕ್ಟರು ಬಂದು ಫೋಟೋವನ್ನು ಬೆಳಕಿಗೆ ಹಿಡಿದು, ಸಿಕ್ಕಿತಲ್ಲ ಎಡಗಡೆ, ಎಂದರು. ಡಾಕ್ಟರಮ್ಮ ಒಪ್ಪಲಿಲ್ಲ. ಫೋಟೋ ಗಂಟನ್ನು ತೋರಿಸುತ್ತದೆ, ರಸ ಸುರಿಸುತ್ತಿರುವುದು ಯಾವುದು ಎಂದು ತೋರಿಸುವುದಿಲ್ಲ. ಏನೂ ಮಾಡದೆ ಸುಮ್ಮನೆ ಕೂತಿರುವ ಗಂಟೂ ಇರುತ್ತದೆ, ಫೋಟೋದಲ್ಲಿ ಕಾಣದಷ್ಟು ಸಣ್ಣ ಗಂಟು ಎಲ್ಲ ಅನಾಹುತ ಮಾಡುವುದೂ ಉಂಟು. ಎರಡೂ ಗ್ರಂಥಿಯಿಂದ ಹೊರಟು ಬರುವ ರಕ್ತನಾಳಕ್ಕೇ ಕೊಳವೆ ಹಾಕಿ, ಎರಡು ಕಡೆಯ ರಕ್ತವನ್ನೂ ಬೇರೆ ಬೇರೆ ತೆಗೆದು ನೋಡಬೇಕು ಎಂದರು.

ಅದಕ್ಕೆ ಹಾಸನದ ಮಾತ್ರೆ ಆರು ವಾರ ಬಿಡಬೇಕು. ಆಲ್ಡೊಸ್ಟಿರೋನಿನ ಕೆಲಸ ತಡೆಯುವ ಮಾತ್ರೆ ಅದು, ಅದು ಮೈಯಲ್ಲಿದ್ದರೆ ಲೆಕ್ಕ ತಪ್ಪುತ್ತದೆ. ಬಿಪಿಗೆ ಬೇರೆ ಮಾತ್ರೆ ಕೊಟ್ಟರು. ಪೊಟ್ಯಾಶಿಯಂ ಇಳಿದಿದ್ದರೆ ಗ್ರಂಥಿ ಸುರಿಸುವುದೂ ಕಡಿಮೆಯಾಗಿ ಪರೀಕ್ಷೆ ಕೆಡುತ್ತದೆ, ಅದಕ್ಕೆ ದಿನಾ ಮೂರು ಹೊತ್ತು ಒಂದು ಸಿರಪ್ಪು. ಅದರ ರುಚಿ ನೆನೆದರೆ ಈಗಲೂ ನಾಲಿಗೆ ಸುರುಟುತ್ತದೆ. ಊಟದಲ್ಲಿ ಉಪ್ಪು ಬಿಡಬೇಡಿ ಎಂದೂ ಹೇಳಿದರು.

ಮಾತ್ರೆ ಬಿಡಬೇಕಂತೆ ಎಂದು ತಿಳಿದಾಗ ಓರಗಿತ್ತಿ, "ಮಾತ್ರೆ ಬಿಟ್ಟು ಆರು ವಾರ ಮಲಗು ಅಂತ ಡಾಕ್ಟ್ರೇ ಹೇಳವ್ರಂತೆ. ಇಂಥಾ ಡಾಕ್ಟ್ರು ನಮಗೆ ಯಾಕೆ ಸಿಗಕ್ಕಿಲ್ವೋ," ಎಂದಳಂತೆ. ಆರು ವಾರ ತವರಲ್ಲಿ ಕಳೆದೆ.

ಆಸ್ಪತ್ರೆಗೆ ಸೇರುವಾಗ ಹೆಂಗಸರ ವಾರ್ಡಿನಲ್ಲಿ ಜೊತೆಗೆ ಹೆಂಗಸೇ ಇರಬೇಕು ಎಂದರು. ಅತ್ತಿಗೆ ಬಾಣಂತಿ. ಹಾಗಾಗಿ ಭಾವ ಓರಗಿತ್ತಿಯನ್ನೇ ಕಳುಹಿಸಿದರು. ಅವಳು ಮಂಚದ ಕೆಳಗೆ ಚಾಪೆ ಹಾಸಿಕೊಂಡು, ಬಂದ ದಿನದಿಂದ ಯಾವಾಗ ಊರಿಗೆ ಎಂದು ಕೇಳುತ್ತಿದ್ದಳು. ಒಂದು ಮಾತು ನ್ಯಾಯವಾಗಿ ಹೇಳಬೇಕು: ಗಂಜಿ ಕುಡಿಸಿದಳು, ತಲೆ ಬಾಚಿದಳು. ಬಾಚುವಾಗ ಎಳೆದಳು.

ಮೊದಲ ಸಲದ್ದು ಹೇಳುತ್ತೇನೆ. ಎಕ್ಸ್‌ರೇ ಕೋಣೆಯಲ್ಲಿ ಅಂಗಾತ ಮಲಗಿಸಿ, ತೊಡೆಸಂದಿ ಮರಗಟ್ಟಲು ಇಂಜೆಕ್ಷನ್ ಕೊಟ್ಟು, ಅಲ್ಲಿನ ರಕ್ತನಾಳದ ಮೂಲಕ ಸಣ್ಣ ಕೊಳವೆಯನ್ನು ಮೇಲಕ್ಕೆ ತಳ್ಳಿದರು. ಎಚ್ಚರವಾಗೇ ಇದ್ದೆ. ಎಕ್ಸ್‌ರೇ ಡಾಕ್ಟರು ಟಿವಿಯಂಥದ್ದರಲ್ಲಿ ನೋಡಿಕೊಂಡು, ಬಣ್ಣದ ಔಷಧಿಯನ್ನು ಸ್ವಲ್ಪ ಸ್ವಲ್ಪ ಬಿಡುತ್ತಾ ದಾರಿ ಹುಡುಕುತ್ತಿದ್ದರು. ಎಡಗಡೆಯದು ಬೇಗ ಸಿಕ್ಕಿತು. ಅಲ್ಲಿನ ನಾಳ ಮೂತ್ರಪಿಂಡದ ನಾಳಕ್ಕೆ ಬಂದು ಸೇರುತ್ತದೆ, ದಾರಿ ಉದ್ದ, ಗುರುತು ಚೆನ್ನಾಗಿದೆ. ಬಲಗಡೆಯದು ಮೋಟು, ಸೀದಾ ನಡುವಿನ ದೊಡ್ಡ ನಾಳದ ಗೋಡೆಗೇ ತೆರೆದುಕೊಂಡಿರುತ್ತದೆ. ಕತ್ತಲಲ್ಲಿ ಗೋಡೆ ತಡವಿ ಬೀಗದ ತೂತು ಹುಡುಕಿದ ಹಾಗೆ. ಎಡಕ್ಕೆ ಔಷಧಿ ಬಿಟ್ಟಾಗ ಬೆನ್ನೊಳಗೆ ಒಂದು ನೋವು ಬಂದು ಹೋಗಿತ್ತು, ಬಲಕ್ಕೆ ಬಿಟ್ಟಾಗ ಏನೂ ಆಗಲಿಲ್ಲ. ಎಡದಿಂದ, ಬಲದಿಂದ, ಕಾಲಿನ ನಾಳದಿಂದ ರಕ್ತ ತೆಗೆದು ಬೇರೆ ಬೇರೆ ಸೀಸೆಗೆ ಚೀಟಿ ಹಚ್ಚಿ ಐಸಿನಲ್ಲಿಟ್ಟರು. ಆಮೇಲೆ ಕಾಲು ಮಡಚದೆ ಗಂಟೆಗಟ್ಟಲೆ ಮಲಗಬೇಕು.

"ಇದೊಂದು ಚೆನ್ನಾಗಿ ಮಾಡ್ತೀಯ," ಎಂದಳು ಓರಗಿತ್ತಿ.

ಕೆಲವು ದಿನದ ಮೇಲೆ ಡಾಕ್ಟರಮ್ಮ ಸಪ್ಪೆ ಮುಖ ಮಾಡಿಕೊಂಡು ಬಂದರು. ಕೊಯ್ಯುವ ಡಾಕ್ಟರೂ ಜೊತೆಗಿದ್ದರು. ಭಾವ ಅವತ್ತು ನೋಡಲು ಬಂದಿದ್ದರು.

ಆಲ್ಡೊಸ್ಟಿರೋನಿನ ಪರೀಕ್ಷೆ ದೂರದ ಊರಲ್ಲಿ ಆಗಬೇಕು, ಅದು ಇನ್ನೂ ಬಂದಿಲ್ಲ. ಆದರೆ ಅದೇ ಗ್ರಂಥಿಯಲ್ಲಿ ಕಾರ್ಟಿಸೋಲ್ ಎಂಬ ಇನ್ನೊಂದು ರಸವೂ ಹುಟ್ಟುತ್ತದೆ, ಅದನ್ನು ಇಲ್ಲೇ ನೋಡಿದ್ದಾರೆ. ಗ್ರಂಥಿಯ ಬಾಯಿಂದಲೇ ತೆಗೆದ ರಕ್ತವಾದರೆ ಅದರಲ್ಲಿ ಕಾರ್ಟಿಸೋಲ್ ಕಾಲಿನ ರಕ್ತಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬೇಕು. ಎಡದ ಸೀಸೆಯಲ್ಲಿ ಹಾಗೇ ಇತ್ತು. ಬಲದ ಸೀಸೆಯಲ್ಲಿ ಇದ್ದದ್ದು ಕಾಲಿನ ರಕ್ತದಷ್ಟೇ. ಅಂದರೆ ಕೊಳವೆ ಬಲಗ್ರಂಥಿಯ ನಾಳಕ್ಕೆ ಹೋಗಿರಲೇ ಇಲ್ಲ, ಪಕ್ಕದಲ್ಲೇ ಇತ್ತು. ಬಾವಿ ನೀರು ತಾ ಎಂದರೆ ಕೆರೆ ನೀರು ತಂದ ಹಾಗೆ.

"ಬಲಗಡೆಯ ಬಗ್ಗೆ ನನಗೇನೂ ಗೊತ್ತಾಗಿಲ್ಲ. ಸುಳ್ಳು ಹೇಳೋದಿಲ್ಲ. ಇನ್ನೊಂದು ಸಲ ಮಾಡಬೇಕು," ಎಂದರು ಡಾಕ್ಟರಮ್ಮ.

ಕೊಯ್ಯುವ ಡಾಕ್ಟರು, ಫೋಟೋದಲ್ಲಿ ಎಡಗಡೆ ಗಂಟು ಇದೆಯಲ್ಲ, ಅದನ್ನೇ ತೆಗೆಯೋಣ, ಬಹಳ ಜನಕ್ಕೆ ಅದರಿಂದಲೇ ವಾಸಿಯಾಗುತ್ತದೆ ಎಂದರು. ಭಾವ ಕೂಡಲೇ ಹಿಡಿದುಕೊಂಡರು.

"ಕಣ್ಣಿಗೆ ಕಾಣೋದು ಬಿಟ್ಟು ಕಾಣದೇ ಇರೋದನ್ನ ಯಾಕೆ ಹುಡುಕ್ತೀರಿ ಸ್ವಾಮಿ? ಎಡಗಡೇದು ತೆಗೆದು ಕಳಿಸ್ಕೊಡಿ. ಆಲೂಗೆಡ್ಡೆ ಕೀಳೋ ಟೈಮು."

"ಹೂಂ ಮತ್ತೆ," ಎಂದಳು ಓರಗಿತ್ತಿ. "ಕೊಯ್ಸ್ಕೊಂಡೂ ವಾಸಿಯಾಗಲಿಲ್ಲ ಅಂದ್ರೆ ಆವಾಗ ಗೊತ್ತಾಗ್ತದೆ, ಕಾಯಿಲೆ ಎಲ್ಲೈತೆ ಅಂತ." ತಲೆಗೆ ಬೆರಳು ತೋರಿಸಿಕೊಂಡಳು.

ಆ ಬೆರಳು ನನ್ನನ್ನು ಉಳಿಸಿತು. ಅಲ್ಲಿಯ ತನಕ ನನಗೂ ಸಾಕಾಗಿತ್ತು, ಹೂಂ ಎನ್ನಲು ಬಾಯಿ ತೆರೆದಿದ್ದೆ. ಆಗ ಹೊಳೆಯಿತು. ಎಡಗಡೆಯದು ತೆಗೆದು, ತಪ್ಪು ಬಲಗಡೆ ಇದ್ದರೆ, ನಾನು ಗಾಯ ಹೊತ್ತುಕೊಂಡು ಮನೆಗೆ ಹೋಗಿ ಮತ್ತೆ ಅದೇ ಬಾವಿಯ ಹತ್ತಿರ ಬೀಳುತ್ತೇನೆ. ಆಗ ನಾನು ಮೈಗಳ್ಳಿ ಎನ್ನುವುದು ಕಲ್ಲಿನ ಮೇಲೆ ಕೆತ್ತಿದ ಮಾತಾಗುತ್ತದೆ. ಡಾಕ್ಟರು ಕೊಯ್ದರೂ ಎದ್ದೇಳಲಿಲ್ಲ ಎನ್ನುತ್ತಾರೆ. ಸತ್ತ ಮೇಲೂ ಹಾಗೇ ಎನ್ನುತ್ತಾರೆ. ತಪ್ಪು ಕಡೆ ಕೊಯ್ದರೆ ಗೆಲ್ಲುವುದು ಇವಳು.

"ಇನ್ನೊಂದು ಸಲ ಚುಚ್ಚಿ ಡಾಕ್ಟ್ರಮ್ಮ," ಎಂದೆ.

"ಇವರ ಯಜಮಾನರನ್ನ ಕೇಳಬೇಕಾಗ್ತದೆ," ಎಂದರು ಭಾವ.

"ತೊಡೆ ನಂದು ಭಾವ. ಅವರದ್ದಲ್ಲ, ನಿಮ್ಮದೂ ಅಲ್ಲ."

ವಾರ್ಡಿನ ಹೆಂಗಸರೆಲ್ಲ ತಿರುಗಿ ನೋಡಿದರು. ಭಾವ ಟವೆಲ್ ಒದರಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಈ ಸಲ ನಾಳ ಒಡೆದು ಗ್ರಂಥಿಯೊಳಗೆ ರಕ್ತ ಇಳಿಯುವ ಅಪಾಯವೂ ಉಂಟು ಎಂದು ಡಾಕ್ಟರಮ್ಮ ಕಾಗದ ಓದಿ ಹೇಳಿದರು. ಮೂರನೇ ಕ್ಲಾಸಿನಲ್ಲಿ ಕಲಿತ ಅಕ್ಷರದಲ್ಲಿ ಸಹಿ ಹಾಕಿದೆ.

ಎರಡನೆಯ ಸಲ ಎಕ್ಸ್‌ರೇ ಡಾಕ್ಟರು ತುದಿ ಬೇರೆ ಥರ ಬಾಗಿದ ಕೊಳವೆ ತಂದಿದ್ದರು. ಹೋದ ಸಲದ ತಪ್ಪು ಅವರಿಗೂ ಚುಚ್ಚಿತ್ತು ಎಂದು ಕಾಣುತ್ತದೆ. ಗ್ರಂಥಿಗಳು ಎರಡೂ ಒಂದೇ ಸಮನೆ ಎಚ್ಚರವಾಗಿರಲಿ ಎಂದು ಡ್ರಿಪ್ಪಿನಲ್ಲಿ ಒಂದು ಔಷಧಿ ಬಿಟ್ಟರು. ಎಡ ಮುಗಿಯಿತು. ಬಲಕ್ಕೆ ಬಂದರು. ಹುಡುಕಿದರು, ಹುಡುಕಿದರು. ನನ್ನ ಸೊಂಟ ಕಲ್ಲಾಯಿತು. ಸಾಕು ಮಾಡೋಣವೇ ಎಂದು ಒಬ್ಬರು ಕೇಳಿದ್ದು ಕಿವಿಗೆ ಬಿತ್ತು. "ಸಾಕು ಮಾಡಬ್ಯಾಡಿ," ಎಂದೆ. ಆಮೇಲೆ ಬಣ್ಣದ ಔಷಧಿ ಬಿಟ್ಟಾಗ ಬಲಗಡೆ ಬೆನ್ನಿನ ಆಳದಲ್ಲಿ ಯಾರೋ ಹೆಬ್ಬೆರಳು ಒತ್ತಿದ ಹಾಗೆ ನೋವು. ಹೋದ ಸಲ ಆ ನೋವು ಎಡಕ್ಕೆ ಮಾತ್ರ ಬಂದಿತ್ತು, ಬಲಕ್ಕೆ ಬಂದಿರಲಿಲ್ಲ.

"ಬಲಗಡೆ ನೋಯ್ತದೆ," ಎಂದೆ.

"ನೋಯಲಿ ತಾಯಿ, ನೋಯಲಿ," ಎಂದರು ಎಕ್ಸ್‌ರೇ ಡಾಕ್ಟರು. ಅವರ ದನಿ ಹಿಗ್ಗಿತ್ತು. ಆ ಸಣ್ಣ ನಾಳದಿಂದ ರಕ್ತ ಜೋರಾಗಿ ಎಳೆದರೆ ಬರುವುದಿಲ್ಲ. ತೊಟ್ಟು ತೊಟ್ಟಾಗಿ ಬಂತು. ಪಂಚಾಮೃತದ ಬಟ್ಟಲಿಗೆ ಜೇನು ಇಳಿಸುವ ಹಾಗೆ ಕಾದು ತೆಗೆದರು.

ಕಾರ್ಟಿಸೋಲ್ ಮೊದಲು ಬಂತು. ಎರಡೂ ಕಡೆ ಕಾಲಿಗಿಂತ ಎಷ್ಟೋ ಪಟ್ಟು. ಕೊಳವೆ ಈ ಸಲ ಸರಿಯಾದ ಬಾವಿಗೇ ಇಳಿದಿತ್ತು. ಆಲ್ಡೊಸ್ಟಿರೋನಿಗೆ ವಾರಗಟ್ಟಲೆ ಕಾದೆವು. ಓರಗಿತ್ತಿ ಊರಿಗೆ ಹೋಗಿ ಮತ್ತೆ ಬರಬೇಕಾಯಿತು. ಬಸ್ಸು, ರೈಲು, ಮತ್ತೆ ಚಾಪೆ. ನನಗೆ ಅದೂ ಸಂತೋಷವೇ.

ಡಾಕ್ಟರಮ್ಮ ಕಾಗದ ಹಿಡಿದು ಬಂದ ದಿನ ಅವಳು ಮಂಚದ ಪಕ್ಕದಲ್ಲೇ ಇದ್ದಳು. ಡಾಕ್ಟರಮ್ಮ ಹೇಳಿದರು: ಸೀಸೆಯಲ್ಲಿನ ಆಲ್ಡೊಸ್ಟಿರೋನ್ ಒಂದನ್ನೇ ನೋಡಿದರೆ ಮೋಸ, ಒಂದು ಸೀಸೆಗೆ ಬೇರೆ ರಕ್ತ ಹೆಚ್ಚು ಬೆರೆತಿರಬಹುದು. ಅದಕ್ಕೆ ಪ್ರತಿ ಸೀಸೆಯ ಆಲ್ಡೊಸ್ಟಿರೋನನ್ನು ಅದೇ ಸೀಸೆಯ ಕಾರ್ಟಿಸೋಲಿನಿಂದ ಭಾಗಿಸುತ್ತಾರೆ. ಸಕ್ಕರೆ ಹಾಕಿದ ಹಾಲಿಗೆ ನೀರು ಬೆರೆತರೆ ಜಿಡ್ಡೂ ಸಿಹಿಯೂ ಒಟ್ಟಿಗೇ ತೆಳುವಾಗುತ್ತವಲ್ಲ, ಒಂದಕ್ಕೊಂದರ ಅಳತೆ ಕೆಡುವುದಿಲ್ಲ. ಹಾಗೆ ನೋಡಿದಾಗ ಎರಡೂ ಕಡೆ ಹೆಚ್ಚುಕಡಿಮೆ ಸಮ ಬಂದರೆ ಎರಡೂ ಗ್ರಂಥಿಯ ಕಾಯಿಲೆ, ಕತ್ತಿ ಮುಟ್ಟುವ ಹಾಗಿಲ್ಲ. ಒಂದು ಕಡೆ ಬಹಳ ಹೆಚ್ಚು ಬಂದರೆ ಅದೇ ಕಳ್ಳ.

"ಯಾವ ಕಡೆ?" ಎಂದೆ.

"ಬಲಗಡೆ. ಎಡಗಡೆಗಿಂತ ಎಷ್ಟೋ ಪಟ್ಟು. ಎಡಗಡೆಯದು ಕಾಲಿನ ರಕ್ತಕ್ಕಿಂತಲೂ ಕಡಿಮೆ. ಬಲಗಡೆಯದರ ಆರ್ಭಟಕ್ಕೆ ಅದು ನಿದ್ದೆ ಹೋಗಿದೆ. ಫೋಟೋದಲ್ಲಿ ಕಂಡ ಗಂಟು ಏನೂ ಮಾಡ್ತಿಲ್ಲ. ಪಾಪದ್ದು."

ಕೊಯ್ಯುವ ಡಾಕ್ಟರು ಫೋಟೋ ಇಸಿದುಕೊಂಡು ಇನ್ನೊಂದು ಸಲ ನೋಡಿದರು. ಆಮೇಲೆ, "ನಾನು ಒಳ್ಳೇ ಗ್ರಂಥಿ ತೆಗೆದು ಕೆಟ್ಟದ್ದನ್ನ ಒಳಗೆ ಬಿಡ್ತಿದ್ದೆ," ಎಂದರು. ದೊಡ್ಡ ಮನುಷ್ಯ. ಹಾಗೆ ಒಪ್ಪಿಕೊಳ್ಳುವ ಗಂಡಸನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ನಾನು ಓರಗಿತ್ತಿಯ ಕಡೆ ತಿರುಗಿದೆ.

"ಕೇಳಿಸ್ತಾ ಅಕ್ಕ? ಕಾಯಿಲೆ ಎಲ್ಲೈತೆ ಅಂತ ಕೇಳಿದ್ಯಲ್ಲ. ಬಲಗಡೆ ಐತಂತೆ. ತಲೇಲಿ ಅಲ್ಲ."

ಅವಳು ಚಾಪೆ ಸುತ್ತಿದಳು. ಸುತ್ತಿಟ್ಟ ಚಾಪೆಯನ್ನು ಬಿಚ್ಚಿ ಮತ್ತೆ ಸುತ್ತಿದಳು.

ಬೆನ್ನಿನ ಕಡೆಯಿಂದ ಕೊಯ್ದು ಬಲಗ್ರಂಥಿ ತೆಗೆದರು. ಕೊಯ್ಯುವ ಮೊದಲೇ ನಾನು ಡಾಕ್ಟರಮ್ಮನ ಹತ್ತಿರ ಒಂದು ಮಾತು ತೆಗೆದುಕೊಂಡಿದ್ದೆ: ಒಳಗೆ ಏನು ಸಿಕ್ಕರೂ ಹೊರಗೆ ಕಾಯುತ್ತಿರುವ ನಮ್ಮವರಿಗೆ ತೋರಿಸಬೇಕು. ತೋರಿಸಿದರು. ಓರಗಿತ್ತಿಯೂ ನಮ್ಮ ಯಜಮಾನರೂ ನೋಡಿದರು. ಸೀಳಿದ ಗ್ರಂಥಿಯೊಳಗೆ ಅರಿಶಿನದಂಥ ಹಳದಿ ಬಣ್ಣದ ಒಂದು ಗಂಟು, ಕಡಲೆಕಾಳಿಗಿಂತ ತುಸು ದಪ್ಪ. ಊರಿಗೆ ತೆಗೆದುಕೊಂಡು ಹೋಗಲು ಕೊಡಿ ಎಂದು ನಾನು ಕೇಳಿದ್ದೆ, ಅದು ಪರೀಕ್ಷೆಗೆ ಹೋಗಬೇಕು ಎಂದರು. ಹೋಗಲಿ. ನೋಡಬೇಕಾದವಳು ನೋಡಿದಳು.

"ಇಷ್ಟೇಯಾ?" ಎಂದಳಂತೆ.

"ಇಷ್ಟೇ," ಎಂದರಂತೆ ಡಾಕ್ಟರಮ್ಮ. "ಇದೇ ಇವರನ್ನ ಬಾವಿ ಹತ್ತಿರ ಬೀಳಿಸಿದ್ದು. ಅವತ್ತು ಪಕ್ಕದಲ್ಲಿ ಕೊಡ ಇಟ್ಟವರು ಯಾರು, ನೀವೇನಾ?"

ನಾನು ಡಾಕ್ಟರಮ್ಮನಿಗೆ ಎಲ್ಲ ಹೇಳಿದ್ದೆ. ಸುಮ್ಮನೆ ಹೇಳಿರಲಿಲ್ಲ.

ಗಾಯ ಒಣಗಿತು. ಪೊಟ್ಯಾಶಿಯಂ ಮೈಯಲ್ಲಿ ತಾನಾಗಿಯೇ ನಿಂತಿತು, ಸಿರಪ್ಪು ಬಿಟ್ಟೆ. ಬಿಪಿ ತಿಂಗಳು ತಿಂಗಳು ಇಳಿದು, ಕೊನೆಗೆ ಒಂದು ಸಣ್ಣ ಮಾತ್ರೆಗೆ ಬಂದು ನಿಂತಿತು. ಅಷ್ಟು ವರ್ಷ ಏರಿದ್ದು ಪೂರ್ತಿ ಇಳಿಯದಿರಬಹುದು ಎಂದು ಮೊದಲೇ ಹೇಳಿದ್ದರು. ಮೂರು ತಿಂಗಳು ಭಾರ ಎತ್ತಬಾರದು ಎಂದು ತವರಲ್ಲೇ ಇದ್ದೆ. ಆಮೇಲೆ ಡಾಕ್ಟರಮ್ಮ, ಇನ್ನು ಎಲ್ಲ ಕೆಲಸ ಮಾಡಬಹುದು ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಬಸ್ಸಿಳಿದು ಮನೆಗೆ ಹೋದೆ. ಓರಗಿತ್ತಿ ಆ ಚೀಟಿಯನ್ನು ಭಾವನ ಕೈಲಿ ಓದಿಸಿದಳು. ಅವಳ ಮುಖ ಅರಳಿತು. ನಾನಿಲ್ಲದ ಅಷ್ಟೂ ತಿಂಗಳು ಹಂಡೆ, ತೊಟ್ಟಿ, ಬಾನಿ ಮೂರನ್ನೂ ತುಂಬಿಸಿ ಅವಳ ಅಂಗೈಗೆ ಬೊಬ್ಬೆ ಬಂದಿತ್ತು. ನೆಗ್ಗಿದ ಕಂಠದ ಕೊಡವನ್ನು ತಂದು ನನ್ನ ಮುಂದೆ ಇಟ್ಟಳು. ನಾನು ಕೊಡ ತೆಗೆದುಕೊಂಡು ಬಾವಿಗೆ ಹೋದೆ. ಬೀದಿಯ ಹೆಂಗಸರು ನಾಲ್ಕು ಜನ ನೋಡಲು ಬಂದಿದ್ದರು, ಬರಲಿ ಎಂದೇ ಹಗಲು ಹೊತ್ತು ಆರಿಸಿದ್ದೆ. ಒಂದೇ ಉಸಿರಿಗೆ ಸೇದಿದೆ. ಹಗ್ಗ ಅಂಗೈಯಲ್ಲಿ ಬಿಗಿಯಾಗಿ ನಿಂತಿತು. ತುಂಬಿದ ಕೊಡ ಸೊಂಟಕ್ಕೆ ಏರಿಸಿ, ಇಳಿಸಿ, ಮತ್ತೆ ಏರಿಸಿ, ಎಲ್ಲರಿಗೂ ಕಾಣುವ ಹಾಗೆ ನಿಂತೆ. ಆಮೇಲೆ ಆ ನೀರನ್ನೆಲ್ಲ ನುಗ್ಗೆಮರದ ಬುಡಕ್ಕೆ ಸುರಿದು, ಖಾಲಿ ಕೊಡವನ್ನು ಓರಗಿತ್ತಿಯ ಪಾದದ ಪಕ್ಕ ಇಟ್ಟೆ.

"ಇನ್ನು ನಾನು ಸೇದಕ್ಕಿಲ್ಲ," ಎಂದೆ.

"ಯಾಕೆ? ವಾಸಿಯಾಯ್ತಲ್ಲ!"

"ಆಯ್ತು. ಕೈಲಾಗದೇ ಇದ್ದಾಗ ತೆವಳಿಕೊಂಡು ಸೇದಿದೆ, ನೀನು ಮೈಗಳ್ಳಿ ಅಂದೆ. ಆ ಮಾತು ಸುಳ್ಳಾಗಬಾರದು ಅಕ್ಕ. ಈಗ ನಿಜ ಮಾಡ್ತೀನಿ."

ಒಂದು ವರ್ಷ ಆ ಮನೆಯಲ್ಲಿ ಒಂದು ಹುಲ್ಲುಕಡ್ಡಿ ಎತ್ತಲಿಲ್ಲ. ಕಲ್ಲಿನ ಹಾಗೆ ಗಟ್ಟಿ ಇದ್ದೆ, ಜಗಲಿಯ ಮೇಲೆ ಕೂತಿದ್ದೆ. ಹೊತ್ತಿಗೆ ಸರಿಯಾಗಿ ತಟ್ಟೆಯ ಮುಂದೆ ಕೂತೆ, ಎರಡನೇ ಮುದ್ದೆ ಕೇಳಿದೆ. ಭಾವ ಕೂಗಾಡಿದರು, ಮಠದ ಹಿರಿಯರನ್ನು ಕರೆಸಿ ಹೇಳಿಸಿದರು. ಹಿರಿಯರಿಗೆ ಬಾವಿಯ ಕಥೆ, ಕೊಡದ ಕಥೆ, ಕಡಲೆಕಾಳಿನ ಕಥೆ ಮೂರನ್ನೂ ಹೇಳಿದೆ. ಅವರು ಕಾಫಿ ಕುಡಿದು ಎದ್ದುಹೋದರು. ನಮ್ಮ ಯಜಮಾನರು ಅಷ್ಟೂ ವರ್ಷ ಬಾಯಿ ಬಿಡದವರು, ಅವತ್ತೂ ಬಿಡಲಿಲ್ಲ. ಆದರೆ ಮಾರನೆಯ ದಿನದಿಂದ ಅವರೇ ಕೊಡ ಹಿಡಿದರು.

"ಏನ್ಲಾ, ನೀರು ಸೇದ್ತಿದ್ದೀಯ?" ಎಂದು ಬೇಲಿಯಾಚೆಯ ಗಂಡಸರು ಕೇಳುತ್ತಿದ್ದರು.

"ಹೂಂ ಕಣ್ಲಾ," ಎನ್ನುತ್ತಿದ್ದರು. ಅದೇ ಅವರ ತಪ್ಪೊಪ್ಪಿಗೆ ಎಂದು ಲೆಕ್ಕ ಹಾಕಿ, ಅವರ ಮಟ್ಟಿಗೆ ಸುಮ್ಮನಾದೆ.

ವರ್ಷ ತುಂಬಿದ ಮೇಲೆ ನನಗೇ ಬೇಸರ ಬಂತು. ಕೂತು ಕೂತು ಸೊಂಟ ಹಿಡಿಯುತ್ತಿತ್ತು. ಹಿತ್ತಲ ಕೊಟ್ಟಿಗೆಯ ಪಕ್ಕ ನನ್ನದೇ ಒಲೆ ಹಾಕಿಕೊಂಡೆ, ನನ್ನ ಹಂಡೆ, ನನ್ನ ತೊಟ್ಟಿ. ನಮ್ಮ ಯಜಮಾನರೂ ಆ ಮನೆಯ ಕೊಡ ಬಿಟ್ಟು ನನ್ನ ಒಲೆಯ ಕಡೆ ಬಂದರು. ದಿನಾ ಬೆಳಿಗ್ಗೆ ಒಂದೇ ಉಸಿರಿಗೆ ತುಂಬಿಸುತ್ತಿದ್ದೆ. ಓರಗಿತ್ತಿ ಆಚೆ ಕಡೆ ನಿಂತು ಏದುಸಿರು ಬಿಡುತ್ತಾ ಸೇದುತ್ತಿದ್ದಳು. ವಯಸ್ಸಾದ ಮೇಲೆ ಅವಳ ಕೈಯೂ ಸೋತಿತು. ಒಂದು ದಿನ ಹಗ್ಗ ಬಿಟ್ಟು ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು, ನನ್ನ ಕಡೆ ನೋಡಿದಳು. ಬಾಯಿ ಬಿಟ್ಟು ಕೇಳಲಿಲ್ಲ. ಅವಳ ಪಕ್ಕದಲ್ಲಿದ್ದ ಆ ಕೊಡವನ್ನೂ ಅದರ ನೆಗ್ಗನ್ನೂ ನೋಡಿದೆ. ನನ್ನ ಕೊಡ ಎತ್ತಿಕೊಂಡು ಒಳಗೆ ಬಂದೆ.